ಆರು ವಾರದ ಅರಸು

ಹೈಸ್ಕೂಲಿನ ಪಿ.ಟಿ. ಮೇಷ್ಟ್ರಿಗೆ ವರ್ಷದ ಬಹುಪಾಲು ಸ್ವಂತದ್ದು ಎಂದು ಹೇಳಿಕೊಳ್ಳಲು ಏನೂ ಇರುವುದಿಲ್ಲ. ಅವರ ಪೀರಿಯಡ್ಡು ಪೋರ್ಷನ್ ಮುಗಿಯದ ಗಣಿತದ ಮೇಷ್ಟ್ರಿಗೆ, ಅವರ ಮೈದಾನ ಊರಿನ ಎಮ್ಮೆಗಳಿಗೆ, ಅವರ ಗಂಟಲು ಬೆಳಗಿನ ಪ್ರಾರ್ಥನೆಯ ಸಾಲಿಗೆ, ಅವರ ಎರಡೂ ಕೈ ಮಧ್ಯಾಹ್ನದ ಮೊಟ್ಟೆ-ಬಾಳೆಹಣ್ಣಿನ ಲೆಕ್ಕಕ್ಕೆ ಸಂದಿರುತ್ತವೆ. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ಬಾಗಿಲ ಪಕ್ಕ. ಯಾರಾದರೂ ಗಲಾಟೆ ಮಾಡಿದರೆ ಎದ್ದುಹೋಗಲು ಅನುಕೂಲ.

ರಾಜ್ಯೋತ್ಸವದ ಬಾವುಟ ಇಳಿಸಿದ ಮರುದಿನ ಈ ಚಿತ್ರ ಬದಲಾಗುತ್ತದೆ. ಡಿಸೆಂಬರ್ ಮಧ್ಯದಲ್ಲಿ ಕ್ರೀಡಾಕೂಟ. ಸ್ಟಾಫ್ ರೂಮಿನ ಗೋಡೆಯ ಮೇಲೆ ಆರು ಸಾಲಿನ ಡ್ರಾಯಿಂಗ್ ಶೀಟು ಬರುತ್ತದೆ. ಅದನ್ನು ಮೇಷ್ಟ್ರು ಕೆಳಗಿನಿಂದ ಮೇಲಕ್ಕೆ ಬರೆಯುತ್ತಾರೆ. ಮೊದಲು ಕ್ರೀಡಾಕೂಟದ ದಿನ, ಅದರ ಮೇಲೆ ರಿಹರ್ಸಲ್ಲು, ಅದರ ಮೇಲೆ ಟ್ರ್ಯಾಕು, ಹೀಗೆ ಹಿಂದಕ್ಕೆ ಎಣಿಸುತ್ತ ಬಂದು ಮೊದಲ ವಾರದಲ್ಲಿ ನಿಲ್ಲುತ್ತಾರೆ. ‘ಮೇಲಿಂದ ಬರ್ಕೊಂಡು ಬಂದ್ರೆ ಕೊನೇ ವಾರಕ್ಕೆ ಹತ್ತು ದಿನ ಬೇಕಾಗತ್ತೆ ಸಾರ್’ ಎನ್ನುವುದು ಅವರ ಅನುಭವ. ಆ ದಿನದಿಂದ ಅವರ ನಡಿಗೆ ಬೇರೆ, ಸೀಟಿ ಬೇರೆ. ಗಣಿತದ ಮೇಷ್ಟ್ರು ಪೀರಿಯಡ್ಡು ಕೇಳಲು ಬಂದರೆ ಬಾಯಿ ತೆರೆಯದೆ ಗೋಡೆಯ ಕಡೆ ಬೆರಳು ತೋರಿಸುತ್ತಾರೆ.

ಮೊದಲ ವಾರ ಸ್ಟೋರ್ ರೂಮಿನದು. ಒಳಗಿನ ಸಾಮಾನನ್ನೆಲ್ಲ ಬಿಸಿಲಿಗೆ ಹರಡಿ, ಮೇಷ್ಟ್ರು ಒಂದೊಂದನ್ನೇ ವಿಚಾರಣೆಗೆ ಕರೆಯುತ್ತಾರೆ. ಗುಂಡುಗಳನ್ನು ಚೀಲಕ್ಕೆ ಹಾಕಿ ರೇಷನ್ ಅಂಗಡಿಯ ತಕ್ಕಡಿಗೆ ಕಳಿಸುತ್ತಾರೆ. 4 ಕೆ.ಜಿ. ಗುಂಡು ಹತ್ತು ಗ್ರಾಂ ಹೆಚ್ಚಿದ್ದರೆ ನಡೆಯುತ್ತದೆ, ಕಡಿಮೆ ಇದ್ದರೆ ಮೂಲೆಗೆ. ರಿಲೇ ಬ್ಯಾಟನ್ನುಗಳ ಪೈಕಿ ಒಂದು ಯಾವಾಗಲೂ ಕಾಣೆ. ಅದಕ್ಕೆ ನಲ್ಲಿ ರಿಪೇರಿಯವನಿಂದ ಪೈಪು ತಂದು 28ರಿಂದ 30 ಸೆಂ.ಮೀ. ಒಳಗೆ ಕತ್ತರಿಸಿ, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜುತ್ತಾರೆ. ಎಲ್ಲಕ್ಕಿಂತ ಹೆಚ್ಚು ಮರ್ಯಾದೆ ಅಳತೆ ಟೇಪಿಗೆ. ಅದರ ಮೊದಲ ಒಂದು ಮೀಟರು ಯಾವುದೋ ಕಾಲದಲ್ಲಿ ಹರಿದುಹೋಗಿದೆ. ಹೊಸದು ಕೊಳ್ಳಲು ಬಜೆಟ್ಟಿಲ್ಲ. ಹಾಗಾಗಿ ಈ ಶಾಲೆಯಲ್ಲಿ ಅಳತೆ ಶುರುವಾಗುವುದು ಒಂದರಿಂದ. ಓದಿದ ಮೇಲೆ ಒಂದು ಕಳೆಯಬೇಕು. ಕಳೆಯಲು ಮರೆತ ಒಬ್ಬ ಕನ್ನಡ ಮೇಷ್ಟ್ರ ದಯೆಯಿಂದ ಎಂಟನೇ ತರಗತಿಯ ಹುಡುಗನೊಬ್ಬ ಉದ್ದ ಜಿಗಿತದಲ್ಲಿ ಮಾಡಿದ ದಾಖಲೆ ಇವತ್ತಿಗೂ ಬೋರ್ಡಿನ ಮೇಲಿದೆ. ಆಮೇಲೆ ಬಂದ ಯಾರಿಗೂ ಅದನ್ನು ಮುರಿಯಲಾಗಿಲ್ಲ.

ಎರಡು ಮತ್ತು ಮೂರನೇ ವಾರ ಹೌಸ್ ಟ್ರಯಲ್ಸು. ಕಾವೇರಿ, ತುಂಗಾ, ಶರಾವತಿ, ನೇತ್ರಾವತಿ. ಕೆಂಪು, ನೀಲಿ, ಹಸಿರು, ಹಳದಿ. ವರ್ಷವೆಲ್ಲ ತಣ್ಣಗಿದ್ದ ಈ ನದಿಗಳಿಗೆ ಈಗ ಪ್ರವಾಹ. ಹೌಸ್ ಟೀಚರುಗಳು ಒಂದೇ ಟಿಫಿನ್ ಕ್ಯಾರಿಯರಿನ ಪಲ್ಯ ಹಂಚಿಕೊಳ್ಳುವುದನ್ನು ನಿಲ್ಲಿಸುತ್ತಾರೆ. ‘ಆ ಮೀಸೆ ಹುಡುಗ ಹದಿನಾಲ್ಕರ ಒಳಗೆ ಹೇಗ್ರೀ?’ ಎಂದು ತುಂಗಾದವರು ಕೇಳಿದರೆ, ಮೇಷ್ಟ್ರು ದಾಖಲಾತಿ ರಿಜಿಸ್ಟರ್ ತಂದು ಜನ್ಮದಿನಾಂಕದ ಮೇಲೆ ಬೆರಳಿಡುತ್ತಾರೆ. ರಿಜಿಸ್ಟರಿನಲ್ಲಿ ಮೀಸೆಗೆ ಕಾಲಮ್ಮಿಲ್ಲ.

ನೂರು ಮೀಟರಿಗೆ ಒಂದೊಂದು ಹೌಸಿನಲ್ಲೂ ನಲವತ್ತು ಹುಡುಗರು ಕೈ ಎತ್ತುತ್ತಾರೆ. ಸಾವಿರದೈನೂರಕ್ಕೆ ಕೈ ಎತ್ತುವವನು ಒಬ್ಬನೇ, ಅವನೂ ಕಿವಿ ಕೆರೆಯಲು ಎತ್ತಿದ್ದು. ನಲವತ್ತು ಜನ, ನಾಲ್ಕು ಲೇನು, ಹತ್ತು ಹೀಟು. ಹೀಟು ಗೆದ್ದವರನ್ನೆಲ್ಲ ಆರಿಸಿದರೆ ಸುಲಭ. ಆದರೆ ಓಡಬಲ್ಲವರು ಮೂವರು ಒಂದೇ ಹೀಟಿನಲ್ಲಿ ಸಿಕ್ಕಿಬಿದ್ದಿರಬಹುದು, ಇನ್ನೊಂದರಲ್ಲಿ ಎಲ್ಲರಿಗಿಂತ ಕಡಿಮೆ ಎಡವಿದವನು ಗೆದ್ದಿರಬಹುದು. ಆದ್ದರಿಂದ ಮೇಷ್ಟ್ರು ಸ್ಥಾನ ನೋಡುವುದಿಲ್ಲ, ಸಮಯ ನೋಡುತ್ತಾರೆ. ಸಮಯ ಹಿಡಿಯುವ ಕೆಲಸ ಸಮಾಜ ವಿಜ್ಞಾನದ ಮೇಡಮ್ಮಿಗೆ. ಒಂದು ವರ್ಷ ಮೇಡಮ್ಮು ಸೀಟಿ ಕೇಳಿಸಿದ ಮೇಲೆ ಗಡಿಯಾರ ಒತ್ತಿದರು. ಮೇಷ್ಟ್ರು ಅಲ್ಲಿಂದ ಇಲ್ಲಿಗೆ ಓಡಿಬಂದರು.

‘ಮೇಡಮ್, ಸದ್ದು ನೂರು ಮೀಟರು ಬರೋಕೆ ಹೆಚ್ಚೂಕಡಿಮೆ ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ನೀವು ಕಿವಿ ನಂಬಿದ್ರೆ ಹುಡುಗರೆಲ್ಲ ಅಷ್ಟಷ್ಟು ಬೇಗ ಓಡಿದ ಹಾಗೆ ಆಗತ್ತೆ. ನನ್ನ ಕೈ ನೋಡಿ. ಕೈ ಕೆಳಗೆ ಬಂದ ತಕ್ಷಣ ಒತ್ತಿ.’

‘ಕೈ ನೋಡ್ತೀನಿ ಸಾರ್, ಆದ್ರೆ ಸೀಟಿ ಸದ್ದಿಗೆ ನನ್ನ ಕಣ್ಣು ತಾನಾಗೇ ಮುಚ್ಚತ್ತಲ್ಲ!’

ಆ ವರ್ಷದಿಂದ ಮೇಷ್ಟ್ರು ಸೀಟಿ ಬಿಟ್ಟು ಎರಡು ಹಲಗೆ ತಟ್ಟುತ್ತಾರೆ. ಮೇಲೆತ್ತಿದ ಹಲಗೆ ದೂರಕ್ಕೂ ಕಾಣುತ್ತದೆ, ಮೇಡಮ್ಮಿನ ಕಣ್ಣೂ ತೆರೆದೇ ಇರುತ್ತದೆ.

ಉದ್ದ ಜಿಗಿತದ ಗುಂಡಿಯ ಬಳಿ ಅವರು ಹರಿಶ್ಚಂದ್ರನ ಮನೆತನದವರು. ಹಲಗೆಯ ಪಕ್ಕ ಮಂಡಿಯೂರಿ, ಕೆನ್ನೆ ನೆಲಕ್ಕೆ ಹಚ್ಚಿ ನೋಡುತ್ತಾರೆ. ಹೆಬ್ಬೆರಳಿನ ಉಗುರು ಗೆರೆ ದಾಟಿದ್ದರೂ ಕೆಂಪು ಬಾವುಟ. ‘ಉಗುರು ಕತ್ತರಿಸ್ಕೊಂಡು ಬಾ, ಹೋಗು’ ಎಂದು ತಮ್ಮ ಸ್ವಂತ ಮಗನನ್ನೇ ಕಳಿಸಿದ ಕೀರ್ತಿ ಅವರದು.

ನಾಲ್ಕನೇ ವಾರ ಟ್ರ್ಯಾಕು. ಮೈದಾನದಲ್ಲಿ 400 ಮೀಟರಿನ ಟ್ರ್ಯಾಕು ಹಿಡಿಯುವುದಿಲ್ಲ. 200ರದ್ದು ಹಿಡಿಯುತ್ತದೆ. ಎರಡು ಕಡೆ 40 ಮೀಟರಿನ ನೇರ, ಎರಡು ತುದಿಗೆ ಅರ್ಧವೃತ್ತ, 18.80 ಮೀಟರು ತ್ರಿಜ್ಯ. ವೃತ್ತಗಳ ಎರಡು ಕೇಂದ್ರಕ್ಕೂ ಕಬ್ಬಿಣದ ಗೂಟ ಹೊಡೆದು, ತಲೆ ನೆಲಮಟ್ಟಕ್ಕೆ ಬರುವಂತೆ ಇಳಿಸುತ್ತಾರೆ. ರಾತ್ರಿ ಮಳೆ ಬಂದು ಗೆರೆಯೆಲ್ಲ ಅಳಿಸಿದರೂ ಗೂಟ ಹುಡುಕಿ ಹಗ್ಗ ಕಟ್ಟಿದರೆ ಬೆಳಗಿನೊಳಗೆ ಟ್ರ್ಯಾಕು ಮತ್ತೆ ಸಿದ್ಧ. ಗೆರೆಗೆ ಚಾಕ್ ಪುಡಿಯೇ ಆಗಬೇಕು. ‘ಸುಣ್ಣ ಅಗ್ಗ ಅಲ್ವೇನ್ರೀ?’ ಎಂದು ಗುಮಾಸ್ತರು ಕೇಳಿದರೆ, ‘ಮಗು ಬಿದ್ದು ಕಣ್ಣಿಗೆ ಹೋದ್ರೆ ಆಸ್ಪತ್ರೆ ಬಿಲ್ಲು ಅಗ್ಗ ಇರಲ್ಲ’ ಎನ್ನುತ್ತಾರೆ.

ಗೆರೆ ಬಿದ್ದ ದಿನ ಗಣಿತದ ಮೇಷ್ಟ್ರು ಕೈ ಹಿಂದಕ್ಕೆ ಕಟ್ಟಿಕೊಂಡು ಬಂದರು. ಒಂದು ಸುತ್ತಿನ ಓಟಕ್ಕೆ ನಾಲ್ಕು ಲೇನಿನವರೂ ಒಂದೇ ಗೆರೆಯಿಂದ ಹೊರಡುವಂತಿಲ್ಲ. ಹೊರಗಿನ ಲೇನು ದೊಡ್ಡ ಸುತ್ತು, ಆದ್ದರಿಂದ ಅಲ್ಲಿ ಓಡುವವನನ್ನು ಮುಂದೆ ನಿಲ್ಲಿಸಬೇಕು. ಎರಡನೇ ಲೇನಿನವನು ಪಿ.ಟಿ. ಮೇಷ್ಟ್ರ ಪ್ರಕಾರ 7.04 ಮೀಟರು ಮುಂದೆ.

‘ತಪ್ಪು’ ಎಂದರು ಗಣಿತದವರು. ‘ಲೇನಿನ ಅಗಲ 1.22. ಅದನ್ನ ಎರಡು ಪೈನಿಂದ ಗುಣಿಸಿದ್ರೆ 7.67. ಎಲ್ಲಿ ಹೋಯ್ತು ಅರವತ್ತಮೂರು ಸೆಂಟಿಮೀಟರು?’

‘ಸಾರ್, ಒಳಗಿನ ಲೇನಲ್ಲಿ ಓಡೋನು ಅಂಚಿನ ಕಟ್ಟೆಗೆ ಕಾಲು ತಗುಲತ್ತೆ ಅಂತ ಮೂವತ್ತು ಸೆಂಟಿಮೀಟರು ದೂರ ಓಡ್ತಾನೆ. ಉಳಿದವರಿಗೆ ಬರೀ ಗೆರೆ, ಅವರಿಗೆ ಇಪ್ಪತ್ತು. ಆ ಹತ್ತು ಸೆಂಟಿಮೀಟರನ್ನ ಎರಡು ಪೈನಿಂದ ಗುಣಿಸಿ.’

ಗಣಿತದವರು ಅಂಗೈ ಮೇಲೆ ಪೆನ್ನಿನಿಂದ ಗುಣಿಸಿದರು. ಅರವತ್ತಮೂರು ಬಂತು. ಅಂಗೈ ನೋಡಿಕೊಂಡರು, ಟ್ರ್ಯಾಕು ನೋಡಿದರು, ಕತ್ತು ಬಗ್ಗಿಸಿ ಒಳಗಿನ ಅಂಚನ್ನು ಇನ್ನಷ್ಟು ಹತ್ತಿರದಿಂದ ನೋಡಿದರು.

‘ಎಲ್ಲಿದೆ ಕಟ್ಟೆ?’

ಕಟ್ಟೆ ಪುಸ್ತಕದಲ್ಲಿತ್ತು. ಮೈದಾನದಲ್ಲಿ ಇದ್ದದ್ದು ಚಾಕ್ ಪುಡಿಯ ಗೆರೆ. ಕಟ್ಟೆ ಇಲ್ಲದ ಕಡೆ ಒಳಗಿನ ಲೇನನ್ನೂ ಇಪ್ಪತ್ತರಲ್ಲೇ ಅಳೆಯಬೇಕೆಂದು ಅದೇ ಪುಸ್ತಕದ ಮುಂದಿನ ವಾಕ್ಯ ಹೇಳುತ್ತದೆ. ಹಾಗೆ ಅಳೆದರೆ ಗಣಿತದವರ 7.67 ಮೀಟರೇ ಸರಿ. ಇನ್ನೊಬ್ಬರಾಗಿದ್ದರೆ ಹೊರಡುವ ಗೆರೆ ಅಳಿಸಿ ಮುಂದಕ್ಕೆ ಎಳೆಯುತ್ತಿದ್ದರು. ಪಿ.ಟಿ. ಮೇಷ್ಟ್ರು ತುಸು ಹೊತ್ತು ಯೋಚಿಸಿ, ಸೀಟಿ ಊದಿ, ಒಂಬತ್ತನೇ ತರಗತಿಯ ಎರಡೂ ಸೆಕ್ಷನ್ನನ್ನು ಕರೆದರು. ಕಾಂಪೌಂಡು ಗೋಡೆಗೆಂದು ತಂದು ಪೇರಿಸಿದ್ದ ಇಟ್ಟಿಗೆ ಸಂಜೆಯೊಳಗೆ ಟ್ರ್ಯಾಕಿನ ಒಳ ಅಂಚಿನುದ್ದಕ್ಕೂ ಸಾಲಾಗಿ ಕೂತಿತು. ‘ಈಗ ಕಟ್ಟೆ ಇದೆ ಸಾರ್. 7.04’ ಎಂದು ಕೈ ಒರೆಸಿಕೊಂಡರು. ಗಣಿತದವರು ಮರುಮಾತಾಡದೆ ಹೋದರು. ಗುತ್ತಿಗೆದಾರ ಇಟ್ಟಿಗೆ ಕಳವಾಗಿದೆಯೆಂದು ಹೆಡ್‌ಮಾಸ್ಟರಿಗೆ ದೂರು ಕೊಟ್ಟ.

ಐದನೇ ವಾರದ ಹೊತ್ತಿಗೆ ಪಥಸಂಚಲನದ ಕಾಲು ಕೂಡಬೇಕು. ಅಭ್ಯಾಸ ಎರಡನೇ ವಾರದಿಂದಲೇ ಕೊನೆಯ ಪೀರಿಯಡ್ಡಿನಲ್ಲಿ ನಡೆದಿರುತ್ತದೆ. ನಿಮಿಷಕ್ಕೆ 120 ಹೆಜ್ಜೆ. ಡ್ರಮ್ಮು ಬಾರಿಸುವ ಹುಡುಗಿಗೆ ಉತ್ಸಾಹ ಬಂದರೆ 140 ಆಗುತ್ತದೆ, ಆಗ ಹಿಂದಿನ ಸಾಲಿನ ಗಿಡ್ಡ ಹುಡುಗರು ಓಡುತ್ತಿರುತ್ತಾರೆ. ಪ್ರತಿ ಹೌಸಿನಲ್ಲೂ ಎಡಗಾಲಿನ ಜೊತೆ ಎಡಗೈಯನ್ನೇ ಬೀಸುವ ಒಬ್ಬ ಇದ್ದೇ ಇರುತ್ತಾನೆ. ಅವನನ್ನು ಬೈದಷ್ಟೂ ಕೈ ಗಟ್ಟಿಯಾಗುತ್ತದೆ. ಮೇಷ್ಟ್ರಿಗೆ ಇದಕ್ಕೆ ಮದ್ದು ಗೊತ್ತು. ‘ಹೋಗಿ ನನ್ನ ನೀರಿನ ಬಾಟ್ಲಿ ತಗೊಂಬಾ’ ಎನ್ನುತ್ತಾರೆ. ಹುಡುಗ ಎಲ್ಲರ ಹಾಗೆ ಸರಿಯಾಗೇ ನಡೆದುಹೋಗುತ್ತಾನೆ. ವಾಪಸು ಬರುವಾಗ ಅರ್ಧ ದಾರಿಯಲ್ಲಿ, ಮೆಲ್ಲಗೆ, ಡ್ರಮ್ಮು ಶುರುಮಾಡಿಸುತ್ತಾರೆ. ನಾಲ್ಕು ಸಲ ಬಾಟ್ಲಿ ತಂದರೆ ಕೈ ಕೂಡಿಕೊಳ್ಳುತ್ತದೆ.

ವೇದಿಕೆಯ ಮುಂದೆ ‘ದಾಹಿನೇ ದೇಖ್’ ಅಂದಾಗ ಎಲ್ಲರೂ ಕತ್ತು ಬಲಕ್ಕೆ ತಿರುಗಿಸಬೇಕು, ಬಲತುದಿಯ ಸಾಲಿನವರನ್ನು ಬಿಟ್ಟು. ಅವರು ಮುಂದೆಯೇ ನೋಡಬೇಕು. ನೋಟ ಹೋದ ಕಡೆ ಕಾಲೂ ವಾಲುತ್ತದೆ, ದಾರಿ ಹಿಡಿಯಲು ಯಾರಾದರೂ ಬೇಕಲ್ಲ. ಒಂದು ರಿಹರ್ಸಲ್ಲಿನಲ್ಲಿ ಆ ಸಾಲೂ ಭಕ್ತಿಯಿಂದ ಬಲಕ್ಕೆ ತಿರುಗಿತು. ಶರಾವತಿ ಹೌಸು ಪೂರ್ತಿ ವೇದಿಕೆಯ ಮೆಟ್ಟಿಲೇರಿತು. ಅಲ್ಲಿ ಮುಖ್ಯ ಅತಿಥಿಯ ಜಾಗದಲ್ಲಿ ಕೂತಿದ್ದವನು ಶಾಲೆಯ ಜವಾನ. ರಿಹರ್ಸಲ್ಲಿಗೆ ಪ್ರತಿ ವರ್ಷವೂ ಅವನೇ ಮುಖ್ಯ ಅತಿಥಿ. ಸಮಯಕ್ಕೆ ಸರಿಯಾಗಿ ಬರುತ್ತಾನೆ, ನೆಟ್ಟಗೆ ನಿಂತು ವಂದನೆ ಸ್ವೀಕರಿಸುತ್ತಾನೆ, ಭಾಷಣ ಮಾಡುವುದಿಲ್ಲ. ಅಸಲಿ ಅತಿಥಿಯಲ್ಲಿ ಈ ಮೂರು ಗುಣ ಒಟ್ಟಿಗೆ ಸಿಕ್ಕಿದ್ದನ್ನು ಮೇಷ್ಟ್ರು ತಮ್ಮ ಸರ್ವೀಸಿನಲ್ಲಿ ಕಂಡಿಲ್ಲ.

ಆ ಕಾರಣಕ್ಕೇ ಆರನೇ ವಾರದಲ್ಲಿ ಅವರು ನಿಲ್ಲುವುದನ್ನೂ ಕಲಿಸುತ್ತಾರೆ. ಬಿಸಿಲಿನಲ್ಲಿ ಮಂಡಿ ಬಿಗಿಹಿಡಿದು ಅಲುಗಾಡದೆ ನಿಂತರೆ ರಕ್ತ ಕಾಲಲ್ಲೇ ಉಳಿದು, ತಲೆಗೆ ಕಡಿಮೆಯಾಗಿ, ಮಕ್ಕಳು ದೊಪ್ಪನೆ ಬೀಳುತ್ತಾರೆ. ‘ಮಂಡಿ ಸಡಿಲ ಬಿಡಿ, ಶೂ ಒಳಗೆ ಕಾಲ್ಬೆರಳು ಮಡಚ್ತಾ ಬಿಚ್ತಾ ಇರಿ, ಹೊರಗೆ ಯಾರಿಗೂ ಕಾಣಲ್ಲ. ತಿಂಡಿ ತಿನ್ನದೆ ಬಂದೋರು ಈಗ್ಲೇ ಹೇಳಿ.’ ಕ್ರೀಡಾಕೂಟದ ದಿನ ಶಾಸಕರು ಒಂದೂಕಾಲು ಗಂಟೆ ತಡವಾಗಿ ಬಂದು ಶಿಸ್ತಿನ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಕಾಲ್ಬೆರಳುಗಳೆಲ್ಲ ದುಡಿದವು. ಒಂದು ಮಗುವೂ ಬೀಳಲಿಲ್ಲ. ತಲೆ ಸುತ್ತಿ ಕೂತವರು ಹೌಸ್ ಟೀಚರೊಬ್ಬರೇ, ಅವರಿಗೆ ಈ ಪಾಠ ಆಗಿರಲಿಲ್ಲ.

ಒಂದು ಸುತ್ತಿನ ಓಟಕ್ಕೆ ಹುಡುಗರು ನಿಂತ ಕೂಡಲೇ ಪೋಷಕರೊಬ್ಬರು ಹಗ್ಗ ಹಾರಿ ಒಳಗೆ ಬಂದರು. ‘ನಮ್ಮುಡುಗುನ್ನ ಎಲ್ಲರಿಗಿಂತ ಹಿಂದೆ ನಿಲ್ಸಿದೀರಲ್ಲ, ಅವನೇನು ಪಾಪ ಮಾಡಿದ್ದ?’ ಪಿ.ಟಿ. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಗಣಿತದ ಮೇಷ್ಟ್ರು ಪೋಷಕರ ಹೆಗಲ ಮೇಲೆ ಕೈ ಹಾಕಿ ಇಟ್ಟಿಗೆ ಸಾಲಿನ ಬಳಿ ಕರೆದೊಯ್ದು, ಮೂವತ್ತು ಸೆಂಟಿಮೀಟರಿನಿಂದ ಶುರುಮಾಡಿದರು. ಎರಡು ಪೈ ಬರುವಷ್ಟರಲ್ಲಿ ಓಟ ಮುಗಿದಿತ್ತು. ಅವರ ಹುಡುಗನೇ ಗೆದ್ದಿದ್ದ. ‘ಲೆಕ್ಕ ಸರಿಯಾಗಿದೆ ಬಿಡಿ ಸಾರ್’ ಎಂದು ಪೋಷಕರು ಕೈ ಮುಗಿದರು.

ಕೊನೆಗೆ ಶಿಕ್ಷಕರ ನಿಂಬೆಹಣ್ಣು-ಚಮಚದ ಓಟ. ಅಂಪೈರು ಪಿ.ಟಿ. ಮೇಷ್ಟ್ರೇ. ಹೆಡ್‌ಮಾಸ್ಟರು ಎಲ್ಲರಿಗಿಂತ ಮುಂದೆ, ಅವರ ನಿಂಬೆಹಣ್ಣು ಅಂಟಿಸಿದ ಹಾಗೆ ಸ್ಥಿರ. ಬಲಗೈ ಹೆಬ್ಬೆರಳು ಅದರ ನೆತ್ತಿಯ ಮೇಲೆ ಕೂತಿದ್ದನ್ನು ಕಡೆಯ ಸಾಲಿನ ಮಕ್ಕಳೂ ಕಂಡು ಕೂಗಿದರು. ಉದ್ದ ಜಿಗಿತದಲ್ಲಿ ಉಗುರಿಗೆ ಬಾವುಟ ಎತ್ತಿದ ಕಣ್ಣು ಆ ಹೊತ್ತಿಗೆ ಸರಿಯಾಗಿ ಸ್ಟಾಪ್‌ವಾಚಿನ ಬ್ಯಾಟರಿ ಪರೀಕ್ಷಿಸುತ್ತಿತ್ತು. ‘ಪ್ರಥಮ ಸ್ಥಾನ, ಹೆಡ್‌ಮಾಸ್ಟರ್ ಸಾರ್’ ಎಂದು ಮೈಕಿನಲ್ಲಿ ಸಾರಿ, ಕೆಳಗಿಳಿದು ಬರುವಾಗ ಕೇಳಿದ ನಮಗೆ ಮೆತ್ತಗೆ ಹೇಳಿದರು: ‘ಹೊಸ ಟೇಪಿನ ಬಿಲ್ಲು ಅವರ ಟೇಬಲ್ ಮೇಲಿದೆ, ಇನ್ನೂ ಸಹಿ ಆಗಿಲ್ಲ.’