ಲೈಕಿನ ಲಗ್ನ

(ಲಾಯಿಲದ ಒಂದು ಚಾದಂಗಡಿ)

ಶೆಟ್ರು: ಎಂತ ಮಾರಾಯ, ನಿನ್ನ ಫೋಟೋಗೆ ಭಾರೀ ಲೈಕ್ ಅಂತೆ?

ಫೋಟೋಗ್ರಾಫರ್: ಎಂಟುನೂರು, ಶೆಟ್ರೆ! ಸುಮಾರು ಜನ ಸೇವ್ ಕೂಡ ಮಾಡಿದ್ದಾರೆ.

ಶೆಟ್ರು: ದುಡ್ಡಾ?

ಫೋಟೋಗ್ರಾಫರ್: ಪೋಸ್ಟು. ಒಬ್ಬರು ಆಟಿಯಲ್ಲೇ ಮದುವೆಗೆ ರೇಟ್ ಕೇಳಿ, ‘ಮನೆಯಲ್ಲಿ ಕೇಳಿ ಹೇಳ್ತೇವೆ’ ಅಂದ್ರು. ದೀಪಾವಳಿಯೂ ಮುಗಿಯಿತು.

ಶೆಟ್ರು: ದೊಡ್ಡ ಮನೆ ಇರ್ಬೇಕು. ಒಂದೊಂದೇ ಕೋಣೆಗೆ ಹೋಗಿ ಕೇಳ್ಬೇಕಲ್ಲ.

ಫೋಟೋಗ್ರಾಫರ್: ನಾನು ದಿನಾ ಗುಡ್ ಮಾರ್ನಿಂಗ್ ಕಳಿಸ್ತೇನೆ.

ಶೆಟ್ರು: ಹಾಲ್ ಬುಕ್ ಆಯ್ತಾ ಅಂತ ಕೇಳಿದ್ಯಾ?

ಫೋಟೋಗ್ರಾಫರ್: ಅದ್ಯಾಕೆ ನನಗೆ?

ಶೆಟ್ರು: ಸುಮ್ಮನೆ. ಹಾಲ್ ಸಿಗದೆ ತಾರೀಕು ಗಟ್ಟಿಯಾಗುವುದಿಲ್ಲ. ತಾರೀಕಿಲ್ಲದೆ ಅಡ್ವಾನ್ಸ್ ಯಾವುದಕ್ಕೆ ಕೊಡುವುದು?

ಫೋಟೋಗ್ರಾಫರ್: ಅವರು ಅಂದಾಜಿಗೆ ಹೇಳಿದ ಮೂರು ತಾರೀಕೂ ಹಿಡಿದಿಟ್ಟಿದ್ದೇನೆ. ಬೇರೆಯವರು ಬಂದಾಗ ಖಾಲಿ ಇಲ್ಲ ಅಂದೆ!

ಶೆಟ್ರು: ಪುಣ್ಯಾತ್ಮ. ಆ ಬೇರೆಯವರು?

ಫೋಟೋಗ್ರಾಫರ್: ಉಜಿರೆಯ ಒಬ್ಬನಿಗೆ ಕೊಟ್ರು. ಅವ ಅಡ್ವಾನ್ಸ್ ಇಲ್ಲದೆ ಒಂದು ವಾರಕ್ಕಿಂತ ಹೆಚ್ಚು ತಾರೀಕು ಹಿಡಿಯುವುದಿಲ್ಲವಂತೆ. ಒಂದೇ ಮದುವೆಯ ಇಡೀ ಆಲ್ಬಂ ತೋರಿಸ್ತಾನಂತೆ. ಧಾರೆ, ಅಜ್ಜಿ, ಊಟದ ಪಂಕ್ತಿ, ಎಲ್ಲ!

ಶೆಟ್ರು: ಛೆ, ಕಲೆಯೇ ಇಲ್ಲ. ನಿನ್ನದು ನೋಡು: ಡ್ರೋನು, ಮೋಡ, ಗಡಾಯಿಕಲ್ಲು... ಅಲ್ಲ, ಮದುಮಗಳು ಎಲ್ಲಿ?

ಫೋಟೋಗ್ರಾಫರ್: ಅಗೋ, ಬಂಡೆಯ ಬಲಗಡೆ ಕೆಂಪು ಚುಕ್ಕಿ.