ಹುಳಿಮನೆಯ ಹುಲಿ

ನಮ್ಮ ಅತ್ತಿಗೆ ಮಾಡುವ ಹುಳಿಪುಡಿಗೆ ಬಳಗದಲ್ಲಿ ಇರುವ ಮರ್ಯಾದೆ ನನಗಿಲ್ಲ. ಮದುವೆ ಮುಂಜಿಗಳಲ್ಲಿ ಜನ ನನ್ನನ್ನು ಗುರುತಿಸುವುದೇ ‘ಆ ಪುಡಿ ಮಾಡ್ತಾರಲ್ಲ, ಅವರ ಮೈದುನ’ ಎಂದು. ಆದ್ದರಿಂದ ಅತ್ತಿಗೆ ಪುಡಿಯನ್ನು ಪೊಟ್ಟಣ ಕಟ್ಟಿ ಮಾರುತ್ತೇನೆಂದು ಹೊರಟಾಗ, ಅದಕ್ಕೊಂದು ಹೆಸರಿಟ್ಟು ಋಣ ತೀರಿಸಿಕೊಳ್ಳೋಣವೆಂದು ನಾನೇ ಮುಂದಾದೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು. ಒಂದು ವಾರ ತಲೆ ಕೆರೆದುಕೊಂಡು ‘ಹುಳಿಮನೆ’ ಎಂದು ಇಟ್ಟೆ. ಮನೆ ಇದೆ, ಹುಳಿ ಇದೆ, ಕಿವಿಗೆ ಹಿತವಾಗಿದೆ. ಅತ್ತಿಗೆ ಒಪ್ಪಿದರು. ಅದೇ ಸಂಜೆ ಮೈಸೂರಿನ ಒಂದು ಪ್ರೆಸ್ಸಿಗೆ ಹೋಗಿ ಸಾವಿರ ಲೇಬಲ್ ಅಚ್ಚು ಹಾಕಿಸಿದೆ. ಮೇಲೆ ಕನ್ನಡದಲ್ಲಿ ಸಣ್ಣಗೆ, ಕೆಳಗೆ ಊರಗಲ HULIMANE.

ಆ ಶನಿವಾರ ಬೆಂಗಳೂರಿನಿಂದ ಅಣ್ಣನ ಮಗ ಬಂದ. ಲೇಬಲನ್ನು ಅತ್ತಿತ್ತ ತಿರುಗಿಸಿ ನೋಡಿ, “ಚಿಕ್ಕಪ್ಪ, ಡೊಮೇನ್ ನೋಡಿದ್ರಾ?” ಎಂದ.

“ನೋಡಿದೀನಿ ಕಣೋ. ಬ್ರೌಸರಿನಲ್ಲಿ ಹೆಸರು ಹೊಡೆದು .com ಅಂತ ಹಾಕಿದೆ. ಏನೂ ತೆರೆಯಲಿಲ್ಲ. ಖಾಲಿ ಇದೆ.”

ಅವನು ನನ್ನನ್ನು ನೋಡಿದ ಬಗೆ, ಸಂಧಿಗೂ ಸಮಾಸಕ್ಕೂ ವ್ಯತ್ಯಾಸ ತಿಳಿಯದ ಹುಡುಗನನ್ನು ನಾನು ನೋಡುತ್ತಿದ್ದ ಹಾಗೇ ಇತ್ತು. “ಬೀಗ ಹಾಕಿದ ಮನೆ ಅಂದ್ರೆ ಯಾರದ್ದೂ ಅಲ್ಲ ಅಂತಾನಾ ಚಿಕ್ಕಪ್ಪ? ಕಂದಾಯ ಕಟ್ಟೋರು ಬೇರೆ ಊರಲ್ಲಿರಬಹುದು.” ಹೆಸರು ಕೊಂಡು ಅದರ ಮೇಲೆ ಏನನ್ನೂ ಕಟ್ಟದೆ ಸುಮ್ಮನೆ ಇಟ್ಟುಕೊಂಡವರು ಎಷ್ಟೋ ಮಂದಿಯಂತೆ. ಪುಟ ತೆರೆಯಲಿಲ್ಲವೆಂದರೆ ಅಲ್ಲಿ ಮನೆ ಕಟ್ಟಿಲ್ಲವೆಂದಷ್ಟೇ. ಸೈಟು ಯಾರ ಹೆಸರಿನಲ್ಲಿದೆಯೆಂದು ಖಾತೆ ತೆಗೆಸಿಯೇ ನೋಡಬೇಕು. ಆ ಖಾತೆ ಇರುವುದು lookup.icann.org ಎಂಬಲ್ಲಿ. .in ಹೆಸರುಗಳ ಉಸ್ತುವಾರಿ ನಮ್ಮ ನಿಕ್ಸಿ ಸಂಸ್ಥೆಯದು, ಅದರ ವಿಚಾರಣೆ ಅವರ ನೋಂದಣಿಯಲ್ಲಿ. ಹುಡುಗ ಹುಡುಕಿದ. ನನ್ನ ಖಾಲಿ ಸೈಟಿಗೆ ನೋಂದಣಿ ದಿನಾಂಕವೂ ಇತ್ತು, ವಾಯಿದೆ ಮುಗಿಯುವ ದಿನಾಂಕವೂ ಇತ್ತು.

ಇನ್‌ಸ್ಟಾಗ್ರಾಮಿನಲ್ಲೂ ಇದೇ ಪಾಡು. ‘ಈ ಪುಟ ಲಭ್ಯವಿಲ್ಲ’ ಎಂದು ಬಂದದ್ದನ್ನು ನೋಡಿ, ಹೆಸರು ನಮಗಾಗಿ ಕಾದಿದೆಯೆಂದು ನಾನು ಹಿಗ್ಗಿದ್ದೆ. ಯಾರೋ ಖಾತೆಯನ್ನು ತಾತ್ಕಾಲಿಕವಾಗಿ ಮುಚ್ಚಿದ್ದರೂ, ಅವರನ್ನು ಕಂಪನಿಯೇ ಹೊರಗೆ ಹಾಕಿದ್ದರೂ ಅದೇ ಮಾತು ಬರುತ್ತದಂತೆ. ನಿಜ ತಿಳಿಯಲು ಒಂದೇ ದಾರಿ: ಹೊಸ ಖಾತೆ ತೆರೆಯುವ ಅರ್ಜಿಯಲ್ಲಿ ಹೆಸರನ್ನು ಹಾಕಿ ನೋಡುವುದು. ಹಾಕಿದೆವು. ಕೆಂಪು ಅಕ್ಷರದಲ್ಲಿ ನಿರಾಕರಣೆ ಬಂತು.

“ನಡುವೆ ಒಂದು ಗೆರೆ ಎಳೆದರಾಯ್ತಪ್ಪ” ಎಂದರು ಅತ್ತಿಗೆ, ಒಗ್ಗರಣೆ ಸೌಟು ಹಿಡಿದುಕೊಂಡೇ. ಇದೇ ದೊಡ್ಡ ತಮಾಷೆ. ಡೊಮೇನಿನಲ್ಲಿ ನಡುಗೆರೆ ನಡೆಯುತ್ತದೆ, ಅಡಿಗೆರೆ ನಡೆಯುವುದಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಅಡಿಗೆರೆ, ಚುಕ್ಕಿ ಎರಡೂ ನಡೆಯುತ್ತವೆ, ನಡುಗೆರೆಗೆ ಪ್ರವೇಶವಿಲ್ಲ. ಎಲ್ಲ ಕಡೆಯೂ ಸಲ್ಲುವುದು ಅಕ್ಷರ ಮತ್ತು ಅಂಕಿ ಮಾತ್ರ. ಹಾಗಾದರೆ ಬಾಲ ಸೇರಿಸೋಣವೆಂದು hulimanehulipudi ಎಂದು ಬರೆದೆ. ಹುಡುಗ ಬೆರಳು ಮಡಚಿ ಎಣಿಸಿದ: ಹದಿನಾರು. ಎಕ್ಸ್‌ನಲ್ಲಿ 15 ಅಕ್ಷರದ ಆಚೆ ಬಿಡುವುದಿಲ್ಲ. ಇನ್‌ಸ್ಟಾಗ್ರಾಮಿನವರು 30ರವರೆಗೆ ಸಹಿಸಿಕೊಳ್ಳುತ್ತಾರೆ, ಡೊಮೇನಿನವರು 63ರವರೆಗೆ. ಮೂವರಿಗೂ ಒಂದೇ ಅಂಗಿ ಹೊಲಿಸಬೇಕೆಂದರೆ ಚಿಕ್ಕವನ ಅಳತೆಯನ್ನೇ ತೆಗೆದುಕೊಳ್ಳಬೇಕು. hulimanemysuru ಹದಿನಾಲ್ಕಕ್ಕೆ ಹಿಡಿಯಿತು. ಆದರೆ ಊರಿನ ಹೆಸರು ಬದಲಾಗಿ ಇಷ್ಟು ವರ್ಷವಾದರೂ mysore ಎಂದೇ ಹೊಡೆಯುವವರ ಆರ್ಡರು ಯಾರ ಮನೆಗೆ ಹೋಗಬೇಕು?

ಆಗ ಹುಡುಗ ಶಿವಮೊಗ್ಗದ ನಮ್ಮಕ್ಕನಿಗೆ ಫೋನು ಹಚ್ಚಿದ. “ಸೋದರತ್ತೆ, ನಾನು ಒಂದು ಹೆಸರು ಹೇಳ್ತೀನಿ, ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿ. ಹುಳಿಮನೆ.” ಅಕ್ಕ ಕಳಿಸಿದ್ದು hulimaney. ಭಾವನವರು ಬೇರೆಯಾಗಿ ಕಳಿಸಿದ್ದು hoolimane. ಪಕ್ಕದ ಮನೆಯ ಹುಡುಗಿ hulimane ಎಂದೇ ಹೊಡೆದು, ಕೆಳಗೆ ಹುಲಿಯ ಚಿತ್ರವೊಂದನ್ನು ಅಂಟಿಸಿದ್ದಳು.

ಆ ಚಿತ್ರ ನೋಡಿದ ಮೇಲೆ ನನಗೆ ಜ್ಞಾನೋದಯವಾಯಿತು. ಇಂಗ್ಲಿಷಿಗೆ ಹೋದ ಕೂಡಲೇ ನಮ್ಮ ಳಕಾರ ಲಕಾರದ ವೇಷ ಹಾಕುತ್ತದೆ. ಹುಳಿ ಹುಲಿಯಾಗುತ್ತದೆ. ಹುಲಿಮನೆ ಎಂಬ ಮನೆತನವೇ ಇದೆ. ಅವರೆಲ್ಲ ಇಂಟರ್‌ನೆಟ್ಟಿನಲ್ಲಿ ನನಗಿಂತ ಮುಂಚೆಯೇ ನೆಲೆಸಿದ್ದರೆ ತಪ್ಪೇನು? ಕನ್ನಡದಲ್ಲಿ ಒಂದೇ ರೂಪವಿರುವ ಹೆಸರು ಇಂಗ್ಲಿಷಿನಲ್ಲಿ ನಾಲ್ಕಾಗುತ್ತದೆ. ತಕಾರಕ್ಕೆ t ಹಾಕುವವರಿದ್ದಾರೆ, th ಹಾಕುವವರಿದ್ದಾರೆ. ದೀರ್ಘಕ್ಕೆ ಒಬ್ಬರು ಒಂದು a, ಇನ್ನೊಬ್ಬರು ಎರಡು. ಒತ್ತಕ್ಷರದ ಗತಿಯಂತೂ ಕೇಳಬೇಡಿ.

ಒಂದೇ ಒಂದು ಒತ್ತಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದವರುಂಟು. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ತುಂಡುಗಳನ್ನು ಕೂಡಿಸಿ Sify ಎಂದು ಮಾಡಿಕೊಂಡಿತ್ತು. ಇನ್ನೊಬ್ಬರು Siffynet ಎಂದು f ಗೆ ಒತ್ತು ಕೊಟ್ಟು ಡೊಮೇನ್ ಕೊಂಡರು. ಮೊಕದ್ದಮೆ ಶುರುವಾದದ್ದು ನಮ್ಮ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲೇ. ಅಲ್ಲಿ ಒಂದು ತೀರ್ಪು, ಹೈಕೋರ್ಟಿನಲ್ಲಿ ಅದಕ್ಕೆ ತಿರುಗುಮುರುಗು, ಕೊನೆಗೆ 2004ರಲ್ಲಿ ಸುಪ್ರೀಂ ಕೋರ್ಟು ಸತ್ಯಂ ಪರವಾಗಿ ಹೇಳಿತು: ಡೊಮೇನ್ ಹೆಸರನ್ನೂ ಟ್ರೇಡ್‌ಮಾರ್ಕಿನಂತೆಯೇ ಕಾಯಬೇಕು. ಒತ್ತಕ್ಷರ ಬಿಟ್ಟದ್ದಕ್ಕೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ. ಮಕ್ಕಳು ನನ್ನನ್ನು ಬೈದುಕೊಳ್ಳುತ್ತಿದ್ದರು.

ಈ ಕಥೆ ಕೇಳಿದ ಮೇಲೆ ಟ್ರೇಡ್‌ಮಾರ್ಕಿನ ಸರ್ಕಾರಿ ಹುಡುಕಾಟವನ್ನೂ ಮಾಡಿದೆವು. ಮಸಾಲೆಪುಡಿಗಳು ಬರುವುದು 30ನೇ ವರ್ಗದಲ್ಲಿ. ಅಲ್ಲಿ ಉಚ್ಚಾರದ ಮೇಲೆ ಹುಡುಕುವ ಸೌಲಭ್ಯವೂ ಇದೆ, ಕಾಗುಣಿತ ಬೇರೆಯಾಗಿದ್ದರೂ ಕಿವಿಗೆ ಒಂದೇ ಕೇಳುವ ಹೆಸರುಗಳನ್ನು ಎಳೆದು ತರುತ್ತದೆ. ಡೊಮೇನ್ ಸಿಕ್ಕಿತೆಂದ ಮಾತ್ರಕ್ಕೆ ಹೆಸರು ನಮ್ಮದಾಗುವುದಿಲ್ಲ. ಈ ಖಾತೆಯ ಗುಮಾಸ್ತ ಬೇರೆ, ಆ ಖಾತೆಯ ಗುಮಾಸ್ತ ಬೇರೆ.

“ಗೂಗಲ್‌ನವರಿಗೇ ಹೀಗಾಗಿದೆ ಬಿಡಿ ಚಿಕ್ಕಪ್ಪ” ಎಂದು ಹುಡುಗ ಸಮಾಧಾನ ಹೇಳಿದ. 2015ರಲ್ಲಿ ಅವರು ಮಾತೃಸಂಸ್ಥೆಗೆ ಆಲ್ಫಾಬೆಟ್ ಎಂದು ಹೆಸರಿಟ್ಟಾಗ alphabet.com ಬಿಎಂಡಬ್ಲ್ಯು ಕೈಯಲ್ಲಿತ್ತು. ಅವರು abc.xyz ಹಿಡಿದುಕೊಂಡು ನಿಭಾಯಿಸಿದರು. ಅಷ್ಟು ದೊಡ್ಡವರು ವರ್ಣಮಾಲೆಯ ಮೊದಲ ಮೂರು, ಕೊನೆಯ ಮೂರು ಅಕ್ಷರ ಹಿಡಿದುಕೊಂಡರೂ ಜನ ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಪುಡಿಯನ್ನು ಹುಡುಕುವವರು ಎರಡನೇ ಸಲ ಹೊಡೆಯುವುದಿಲ್ಲ.

ಆ ರಾತ್ರಿ ಳ ಇಲ್ಲದ, ಮಹಾಪ್ರಾಣವಿಲ್ಲದ, ದೀರ್ಘವಿಲ್ಲದ, ಒತ್ತಿಲ್ಲದ ಕನ್ನಡ ಪದಕ್ಕಾಗಿ ನಾನು ಅನುಭವಿಸಿದ ಸಂಕಟವನ್ನು ಯಾವ ವ್ಯಾಕರಣಕಾರನೂ ಅನುಭವಿಸಿರಲಾರ. ‘ತಿನಿಸು’ tಗೂ thಗೂ ನಡುವೆ ಬಿತ್ತು. ‘ಪರಿಮಳ’ ಕೊನೆಯಲ್ಲಿ ಕೈಕೊಟ್ಟಿತು. ಹನ್ನೊಂದು ಗಂಟೆಗೆ ‘ಬಿಸಿಮೆಣಸು’ ಹೊಳೆಯಿತು. ಣ ಇದೆ ನಿಜ. ಆದರೆ ಎಲ್ಲರೂ n ಎಂದೇ ಹೊಡೆಯುತ್ತಾರೆ. ನಿದ್ದೆಗಣ್ಣಿನ ಅಕ್ಕ, ಭಾವ, ಪಕ್ಕದ ಮನೆಯ ಹುಡುಗಿ, ಮೂವರೂ bisimenasu ಎಂದೇ ಕಳಿಸಿದರು. ಹತ್ತು ಅಕ್ಷರ. ಹುಡುಗ ಬೆಳಗಾಗಲು ಬಿಡಲಿಲ್ಲ. ಮೊದಲು ಕಾಸಿಲ್ಲದೆ ಸಿಗುವ ಖಾತೆಗಳನ್ನೆಲ್ಲ ತೆರೆದು, ಆಮೇಲೆ ಡೊಮೇನ್ ಕೊಂಡ. ಕೊಳ್ಳುವ ಮುಂಚೆ web.archive.org ನಲ್ಲಿ ಆ ವಿಳಾಸದ ಹಳೆಯ ಚರಿತ್ರೆಯನ್ನೂ ನೋಡಿದ. ಹಿಂದಿನವರು ಅಲ್ಲಿ ಜೂಜಿನಡ್ಡೆ ನಡೆಸಿದ್ದರೆ ಅದರ ವಾಸನೆ ಹುಳಿಪುಡಿಗೂ ಹತ್ತುತ್ತದಂತೆ. ಮೊದಲ ವರ್ಷದ ಬೆಲೆ ಅಗ್ಗವೆಂದು ನಾನು ಖುಷಿಪಡುವಷ್ಟರಲ್ಲಿ ಎರಡನೇ ವರ್ಷದ ನವೀಕರಣದ ದರ ತೋರಿಸಿದ. ನಾನು ನೀರು ಕುಡಿದೆ.

ಸಾವಿರ ಲೇಬಲ್ ಉಳಿಯಿತಲ್ಲ, ಅತ್ತಿಗೆ ಏನನ್ನೂ ಬಿಸಾಡುವವರಲ್ಲ. ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆದರು, ಡಬ್ಬಿಗಳಿಗೆ ಅಂಟಿಸಿದರು. ಗೇಟಿನ ಟಪಾಲು ಪೆಟ್ಟಿಗೆಗೂ ಒಂದು ಅಂಟಿಸಿದರು. ಮೊನ್ನೆ ಕೊರಿಯರ್ ಹುಡುಗನೊಬ್ಬ ಬಂದು, ಗೇಟು ತೆರೆಯದೆ ಹತ್ತು ನಿಮಿಷ ಆಚೆಯೇ ನಿಂತಿದ್ದ. ಯಾಕಪ್ಪಾ ಎಂದು ಕೇಳಿದರೆ ಟಪಾಲು ಪೆಟ್ಟಿಗೆಯ ಕಡೆ ಕೈ ತೋರಿಸಿ, “ಸಾರ್, ಕಟ್ಟಿ ಹಾಕಿದೀರಾ?” ಎಂದ.