ತಲಾ ಐವತ್ತೊಂದು

2018ರ ಆಸುಪಾಸಿನಲ್ಲಿ ಮೈಸೂರಿನ ನೆಂಟರು ಫೋನ್ ಮಾಡಿ ಕುಶಲೋಪರಿಯನ್ನು ಸ್ವಲ್ಪ ಉದ್ದ ಎಳೆದರೆ ಅದಕ್ಕೆ ಎರಡೇ ಅರ್ಥವಿತ್ತು. ಒಂದೋ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ, ಇಲ್ಲವೇ ಒಂದು ಲಿಂಕ್ ಕಳಿಸಲಿದ್ದಾರೆ. ಹೆಣ್ಣು ನೋಡುವವರು ಫೋನ್ ಇಟ್ಟಮೇಲೆ ನಾಲ್ಕು ದಿನ ಸುಮ್ಮನಿರುತ್ತಿದ್ದರು. ಲಿಂಕ್ ಕಳಿಸುವವರು ಮಾತ್ರ ಫೋನ್ ಇಡುವ ಮೊದಲೇ ಕಳಿಸಿ, ‘ಬಂತಾ? ನೀಲಿ ಅಕ್ಷರದ ಮೇಲೆ ಒತ್ತಿ’ ಎನ್ನುತ್ತಿದ್ದರು.

ಎಲ್ಲದರ ಹಿಂದೆ ಇದ್ದದ್ದು ಐವತ್ತೊಂದು ರೂಪಾಯಿ. ಗೂಗಲ್ ಕಂಪನಿ 2017ರ ಸೆಪ್ಟೆಂಬರಿನಲ್ಲಿ ತೇಜ್ ಎಂಬ ಆ್ಯಪ್ ಬಿಟ್ಟಿತು. ಮರುವರ್ಷ ಆಗಸ್ಟಿನಲ್ಲಿ ಅದಕ್ಕೇ ಗೂಗಲ್ ಪೇ ಎಂದು ಮರುನಾಮಕರಣವಾಯಿತು. ನಿಮ್ಮ ಲಿಂಕಿನಿಂದ ಒಬ್ಬರು ಸೇರಿ ಮೊದಲ ಪಾವತಿ ಮಾಡಿದರೆ ನಿಮಗೆ 51, ಅವರಿಗೂ 51. ಈ ಅಂಕಿಯನ್ನು ಆರಿಸಿದವರು ಯಾವುದೋ ಕಾಲದಲ್ಲಿ ನಮ್ಮ ಛತ್ರಗಳಿಗೆ ಬಂದು ಮುಯ್ಯಿ ಮಾಡಿ ಹೋದವರೇ ಇರಬೇಕು. ಸರ್ಕಾರದ ಭೀಮ್ ಆ್ಯಪ್ ಅದಕ್ಕೂ ಮೊದಲೇ, 2017ರ ಏಪ್ರಿಲ್ 14ರಂದು, ಇಂಥದ್ದೇ ಯೋಜನೆ ತಂದಿತ್ತು. ಅಲ್ಲಿ ಒಬ್ಬರನ್ನು ಸೇರಿಸಿದರೆ 10 ರೂಪಾಯಿ. ಹತ್ತು ರೂಪಾಯಿಗೆ ನೆಂಟಸ್ತಿಕೆ ಪಣಕ್ಕಿಡಲು ಯಾರೂ ಒಪ್ಪಲಿಲ್ಲ. ಐವತ್ತೊಂದಕ್ಕೆ ಒಪ್ಪಿದರು.

ನನ್ನ ಭಾವಮೈದುನ ಲೆಕ್ಕದಲ್ಲಿ ಚುರುಕು. ತೇಜ್‌ನ ನಿಯಮಗಳನ್ನು ಕೊನೆಯ ಸಾಲಿನವರೆಗೂ ಓದಿದ ಏಕೈಕ ಮನುಷ್ಯ ಅವನೇ ಎಂದು ನನ್ನ ಗುಮಾನಿ. ರೆಫರಲ್‌ನಿಂದ ಒಂದು ಹಣಕಾಸು ವರ್ಷದಲ್ಲಿ 9,000 ರೂಪಾಯಿಯವರೆಗೆ ಗಳಿಸಬಹುದು ಎಂಬುದು ಅದರಲ್ಲಿತ್ತು. ಅವನು ಅದನ್ನು ಮಿತಿ ಎಂದು ಓದಲಿಲ್ಲ, ಸಂಬಳ ಎಂದು ಓದಿದ. ಒಂಬತ್ತು ಸಾವಿರವನ್ನು ಐವತ್ತೊಂದರಿಂದ ಭಾಗಿಸಿ, ‘ನೂರ ಎಪ್ಪತ್ತೇಳು ಜನ ಸಾಕು ಭಾವ. ನಮ್ಮ ಮದುವೆಗೇ ಐನೂರು ಎಲೆ ಎದ್ದಿತ್ತಲ್ಲ’ ಎಂದು ಮದುವೆಯ ಕರೆಯೋಲೆ ಹಂಚಿದ ಪಟ್ಟಿಯನ್ನೇ ಬೀರುವಿನಿಂದ ತೆಗೆದ.

ಐನೂರು ಎಲೆಯಲ್ಲಿ ಮಕ್ಕಳು, ಅಡುಗೆಯವರು, ವಾಲಗದವರು, ಯಾರ ಕಡೆಯವರೆಂದು ಇಂದಿಗೂ ಗೊತ್ತಿಲ್ಲದವರು ಎಲ್ಲ ಸೇರಿದ್ದರು. ಉಳಿದವರನ್ನು ಸೋಸಬೇಕು. ಸ್ಮಾರ್ಟ್‌ಫೋನ್ ಇರಬೇಕು. ಬ್ಯಾಂಕ್ ಖಾತೆ ಇದ್ದರೆ ಸಾಲದು, ಆ ಖಾತೆಗೆ ಜೋಡಿಸಿದ ನಂಬರಿನ ಸಿಮ್ ಅದೇ ಫೋನಿನೊಳಗೆ ಇರಬೇಕು, ಏಕೆಂದರೆ ಯುಪಿಐ ಆ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಹೊರಡಿಸಿಯೇ ನೀವು ನೀವೇ ಎಂದು ನಂಬುವುದು. ಪಿನ್ ಇಡಲು ಆಗ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು, ವರ್ಷ ಬೇಕಿತ್ತು. ನಮ್ಮ ಬಳಗದ ಅರ್ಧದಷ್ಟು ಹಿರಿಯರ ಡೆಬಿಟ್ ಕಾರ್ಡು ಬ್ಯಾಂಕಿನ ಲಕೋಟೆ ಒಡೆಯದೆ ದೇವರ ಮನೆಯಲ್ಲಿತ್ತು. ಇವೆಲ್ಲ ಸರಿಯಿದ್ದವರು ಬೆಂಗಳೂರಿನ ಹುಡುಗರು. ಅವರು ಆಗಲೇ ಇನ್ಯಾರದೋ ಲಿಂಕಿನಲ್ಲಿ ಸೇರಿಯಾಗಿತ್ತು. ಫೋನ್ ಮಾಡಿದರೆ ಅವರೇ ತಿರುಗಿ ಇವನಿಗೆ ಲಿಂಕ್ ಕಳಿಸುತ್ತಿದ್ದರು.

ಕೊನೆಗೆ ಕಣ್ಣಿಗೆ ಬಿದ್ದವರು ಸರಸ್ವತಿಪುರಂನ ಸೋದರತ್ತೆ. ಪಿಂಚಣಿ, ಖಾತೆ, ಕಾರ್ಡು, ಮಗಳು ಕೊಡಿಸಿದ ಹೊಸ ಫೋನು, ಎಲ್ಲವೂ ಇದ್ದ ಸರ್ವಲಕ್ಷಣಸಂಪನ್ನ ಅಭ್ಯರ್ಥಿ. ಭಾವಮೈದುನ ಆಟೋ ಹಿಡಿದು, ಬರಿಗೈಯಲ್ಲಿ ಹೋಗಬಾರದೆಂದು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಹೋದ. ಅತ್ತೆ ಕಾಫಿ ಕೊಟ್ಟರು, ಕಾರ್ಡು ಹುಡುಕಿದರು, ಕನ್ನಡಕ ಹುಡುಕಿದರು. ಲಿಂಕ್ ಒತ್ತಿ, ಆ್ಯಪ್ ಇಳಿಸಿ, ನಂಬರ್ ಹಾಕಿ, ಓಟಿಪಿ ಬಂದು, ಎಲ್ಲ ಮುಗಿಯಿತು ಎನ್ನುವಾಗ ಪರದೆಯ ಮೇಲೆ ಅತ್ತೆಯ ಹೆಸರು ಹಿಡಿದು ಮರಳಿ ಬಂದದ್ದಕ್ಕೆ ಸ್ವಾಗತ ಎಂದು ಬಂತು. ‘ನಾನೆಲ್ಲಿಗೆ ಹೋಗಿದ್ದೆನೋ?’ ಎಂದರು ಅತ್ತೆ. ವಿಚಾರಿಸಿದರೆ, ಯುಗಾದಿಗೆ ಬಂದಿದ್ದ ಅಳಿಯಂದಿರು ‘ಅತ್ತೆ, ಫೋನ್ ಸ್ವಲ್ಪ ಕೊಡಿ, ಅಪ್‌ಡೇಟ್ ಮಾಡ್ತೀನಿ’ ಎಂದು ತೆಗೆದುಕೊಂಡು ತಮ್ಮ ಐವತ್ತೊಂದನ್ನು ಗಿಟ್ಟಿಸಿ, ಗುರುತು ಸಿಗದ ಹಾಗೆ ಆ್ಯಪನ್ನು ಅಳಿಸಿ ಹೋಗಿದ್ದರು. ಆ್ಯಪ್ ಅಳಿಸಿದರೆ ಹೊಸಬರಾಗುವುದಿಲ್ಲ; ನಂಬರು ಒಮ್ಮೆ ಕಂಪನಿಯ ಪುಸ್ತಕದಲ್ಲಿ ಬಿದ್ದರೆ ಬಿದ್ದಂತೆಯೇ. ಅತ್ತೆಗೆ ಬೇಸರವಾದದ್ದು ಅಳಿಯ ಮಾಡಿದ ಕೆಲಸಕ್ಕಲ್ಲ. ತಮ್ಮ ಪಾಲಿನ ಐವತ್ತೊಂದು ತಮ್ಮದೇ ಖಾತೆಗೆ ಬಂದು ಬಿದ್ದಿದ್ದರೂ ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಎಂದು.

ಆಟೋ, ಬಾಳೆಹಣ್ಣು ಕಳೆದರೆ ಭಾವಮೈದುನನಿಗೆ ಆ ದಿನ ನಷ್ಟ. ಆದರೆ ಅವನು ಸೋತದ್ದು ಅಳಿಯನ ಚಾಲಾಕಿಗಲ್ಲ, ಭಾಗಾಕಾರಕ್ಕೆ. ಕುವೆಂಪುನಗರದ ಒಂದು ಬೀದಿಯಲ್ಲಿ ನೂರು ಜನ ಇದ್ದಾರೆ ಎಂದುಕೊಳ್ಳಿ. ನೂರೂ ಜನ ಸೇರಿದರು. ಹೊಸಬರಾಗಿ ಸೇರುವ ಭಾಗ್ಯ ಒಬ್ಬರಿಗೆ ಒಂದೇ ಸಲ. ಒಬ್ಬರನ್ನು ಕರೆತಂದ ಪುಣ್ಯವೂ ಒಬ್ಬರಿಗೇ. ಅಂದಮೇಲೆ ಇಡೀ ಬೀದಿಗೆ ಬರುವ ಹಣ ಹೆಚ್ಚೆಂದರೆ ನೂರು ಸಲ 102. ತಲಾ ನೂರ ಎರಡೇ ರೂಪಾಯಿ, ಜೀವಮಾನಕ್ಕೆ. ಮೂಲೆಮನೆಯವರು ಇಪ್ಪತ್ತು ಜನರನ್ನು ಸೇರಿಸಿ ಸಾವಿರದ ಇಪ್ಪತ್ತು ಮಾಡಿದರು ಎಂದರೆ, ಕನಿಷ್ಠ ಹತ್ತೊಂಬತ್ತು ಜನರಿಗೆ ಸೇರಿಸಲು ಯಾರೂ ಸಿಗಲಿಲ್ಲ ಎಂದರ್ಥ. ಒಂಬತ್ತು ಸಾವಿರ ಮಾಡಿದವನೊಬ್ಬ ಇರಬೇಕಾದರೆ ಬರಿಗೈಯವರು ಪಕ್ಕದ ಬೀದಿಯವರೆಗೂ ಇರಬೇಕು. ಜಾಹೀರಾತಿನಲ್ಲಿ ಬರುವುದು ಮೂಲೆಮನೆಯವರ ಫೋಟೋ.

ಸ್ಟ್ಯಾಂಪಿನ ಕಥೆ ಇನ್ನೂ ಸೊಗಸು. 2019ರ ದೀಪಾವಳಿಗೆ ಗೂಗಲ್ ಪೇ ಐದು ಸ್ಟ್ಯಾಂಪುಗಳ ಆಟ ಇಟ್ಟಿತು: ದೀಪ, ಹೂವು, ಝುಮ್ಕಾ, ಆಕಾಶಬುಟ್ಟಿ, ರಂಗೋಲಿ. ಐದನ್ನೂ ಕೂಡಿಹಾಕಿದರೆ 251 ರೂಪಾಯಿ. ಹಣ ಕಳಿಸಿದರೆ ಒಂದು ಸ್ಟ್ಯಾಂಪ್ ಬರುತ್ತಿತ್ತು. ಹೆಚ್ಚಾದದ್ದನ್ನು ಗೆಳೆಯರಿಗೆ ಕೊಡಬಹುದಿತ್ತು. ದೀಪ ಬೇಕಾದಷ್ಟು ಬಂತು. ಝುಮ್ಕಾ ಎಷ್ಟು ಬಂದವೆಂದರೆ ಮೂರು ಮದುವೆಗೆ ಸಾಕು. ರಂಗೋಲಿ ಮಾತ್ರ ಬರಲಿಲ್ಲ. ದೇಶಕ್ಕೆ ದೇಶವೇ ರಂಗೋಲಿ ಹುಡುಕಿತು. ನಮ್ಮ ಬೀದಿಯಲ್ಲಿ ಬೆಳಗಾದರೆ ಪ್ರತಿ ಬಾಗಿಲ ಮುಂದೆ ಒಂದು ರಂಗೋಲಿ. ಅದನ್ನು ದಾಟಿಕೊಂಡೇ ಗಂಡಸರು ಹಾಲಿನ ಬೂತಿಗೆ ಹೋಗಿ, ‘ಸಾರ್, ನಿಮ್ಮ ಹತ್ತಿರ ರಂಗೋಲಿ ಇದೆಯಾ?’ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ನನ್ನ ಹೆಂಡತಿ ರಂಗೋಲಿ ಪುಡಿಯ ಡಬ್ಬಿಯನ್ನೇ ತಂದು ನನ್ನ ಮುಂದೆ ಇಟ್ಟಳು.

ಆಟದ ಗುಟ್ಟು ಅಲ್ಲೇ ಇದೆ. ಐದು ಬೇಕು ಎಂಬ ನಿಯಮದಲ್ಲಿ ನಾಲ್ಕನ್ನು ಧಾರಾಳವಾಗಿ ಹಂಚಿದರೂ ಕಂಪನಿಗೆ ಕಾಸು ಖರ್ಚಿಲ್ಲ. ಎಷ್ಟು ರಂಗೋಲಿ ಹೊರಗೆ ಬಿಡುತ್ತಾರೋ ಅಷ್ಟೇ 251. ಲೆಕ್ಕ ಬಿಗಿಯಾಗಿರುವುದು ಆ ಒಂದು ಕೀಲಿಯಲ್ಲಿ. ಕೈಯಲ್ಲಿ ನಾಲ್ಕು ಇದ್ದವನು ಇನ್ನೊಂದೇ ಬಾಕಿ ಎಂದುಕೊಂಡು ಇನ್ನೊಬ್ಬರಿಗೆ ಹಣ ಕಳಿಸುತ್ತಾನೆ. ಅವನ ನಿಜವಾದ ದೂರ ಒಂದು ಸ್ಟ್ಯಾಂಪಿನದಲ್ಲ, ಪೂರಾ ಆಟದ್ದು. ಸಣ್ಣವರಾಗಿದ್ದಾಗ ಬಬಲ್‌ಗಮ್ ಜೊತೆಗೆ ಬರುತ್ತಿದ್ದ ಕ್ರಿಕೆಟ್ ಚೀಟಿಗಳಲ್ಲಿ ಒಬ್ಬ ಆಟಗಾರ ಮಾತ್ರ ಯಾವ ಅಂಗಡಿಯಲ್ಲೂ ಸಿಗದೆ ಕಾಡಿದ್ದನ್ನು ಬಲ್ಲವರು ಕೂಡ ನಲವತ್ತೈದರ ವಯಸ್ಸಿನಲ್ಲಿ ಮತ್ತೆ ಅದೇ ಗುಂಡಿಗೆ ಬಿದ್ದರು.

ಇವೆಲ್ಲದರಿಂದ ಪಾರಾದವನು ತಾಳವಾಡಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ. ತಾಳವಾಡಿಯ ಮಾತು ಕನ್ನಡ, ನಂಟು ಚಾಮರಾಜನಗರದ ಕಡೆ, ಜಿಲ್ಲೆ ಮಾತ್ರ ತಮಿಳುನಾಡಿನ ಈರೋಡು. ತಮಿಳುನಾಡಿನಲ್ಲಿ 1979ರ ಬಹುಮಾನ ಯೋಜನೆ ನಿಷೇಧ ಕಾಯ್ದೆ ಇರುವುದರಿಂದ ಸ್ಕ್ರ್ಯಾಚ್ ಕಾರ್ಡಿನ ನಿಯಮಗಳಲ್ಲಿ ಆ ರಾಜ್ಯದವರನ್ನು ಹೊರಗಿಟ್ಟಿದ್ದರು. ನಾವು ಇಲ್ಲಿ ಕೆರೆಯುತ್ತಿದ್ದಾಗ ಅವನು ಅಲ್ಲಿ ‘ನಮಗೆ ಅನ್ಯಾಯ’ ಎಂದು ಕೊರಗುತ್ತಿದ್ದ. ಎರಡು ವರ್ಷದ ಮೇಲೆ ಹೋಲಿಸಿ ನೋಡಿದರೆ ಇಬ್ಬರ ಗಳಿಕೆಗೂ ಅಂತರ ಒಂದು ಮಸಾಲೆ ದೋಸೆ, ಒಂದು ಕಾಫಿಯಷ್ಟು.

ಇಷ್ಟಾದರೂ ಆಗ ಅಷ್ಟಿಷ್ಟು ಬರುತ್ತಿತ್ತು. ಈಗೇಕೆ ಕೆರೆದರೆ ರೂಪಾಯಿ ಬದಲು ಗಡ್ಡದ ಮಿಷನ್ನಿನ ಕೂಪನ್ ಬರುತ್ತದೆ ಎಂದರೆ, ದುಡ್ಡು ಎಲ್ಲಿಂದ ಬರಬೇಕು ಎಂದು ಕೇಳಬೇಕು. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ಪಡೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ದೇವರಾಜ ಮಾರುಕಟ್ಟೆಯಲ್ಲಿ ನೀವು ನಲವತ್ತು ರೂಪಾಯಿಯ ಮಲ್ಲಿಗೆ ಕೊಂಡರೆ ಹೂವಿನವರಿಗೆ ಪೂರಾ ನಲವತ್ತೂ ಸೇರುತ್ತದೆ. ನಡುವಿನ ಆ್ಯಪಿಗೆ ಆ ನಲವತ್ತರಲ್ಲಿ ಎಸಳೂ ಇಲ್ಲ. ಮೊದಲು ಕೊಟ್ಟದ್ದು ನಮ್ಮನ್ನು ಅಭ್ಯಾಸಕ್ಕೆ ಬೀಳಿಸಲು ಹೂಡಿಕೆದಾರರ ಗಂಟಿನಿಂದ ತೆಗೆದ ದುಡ್ಡು. ಅಭ್ಯಾಸ ಆಯಿತು. ಈಗ ಪರ್ಸ್ ಮನೆಯಲ್ಲೇ ಬಿಟ್ಟು ಬರುವ ಮನುಷ್ಯನಿಗೆ ಮೇಲೆ ಐವತ್ತೊಂದು ಕೊಟ್ಟು ಕರೆಯುವ ದರ್ದು ಯಾರಿಗಿದೆ? ಈಗಿನ ಕೂಪನ್ನಿನ ಖರ್ಚು ಗಡ್ಡದ ಮಿಷನ್ ಮಾರುವವನದು. ಅವನಿಗೆ ಬೇಕಿರುವುದು ನೀವು ಮಿಷನ್ ಕೊಳ್ಳುವುದು.

ಇನ್ನು ಆ್ಯಪಿನೊಳಗೆ ದಿನಸಿ ತರಿಸಿದರೆ ಸಿಗುವ ಕ್ಯಾಶ್‌ಬ್ಯಾಕ್. ಮೊನ್ನೆ ನಮ್ಮ ಮನೆಗೆ ಬಂದ ಕೊಡುಗೆಯನ್ನೇ ತೆಗೆದುಕೊಳ್ಳಿ: ಹತ್ತು ಪರ್ಸೆಂಟ್, ಹೆಚ್ಚೆಂದರೆ 25 ರೂಪಾಯಿ, ಬಿಲ್ಲು ಕನಿಷ್ಠ 199. ನಮಗೆ ಬೇಕಿದ್ದದ್ದು 160 ರೂಪಾಯಿಯ ಬೇಳೆ, ಬೆಲ್ಲ. ಕನಿಷ್ಠ ಮುಟ್ಟಿಸಲು 39 ರೂಪಾಯಿಗೆ ಯಾರೂ ತಿನ್ನದ ಓಟ್ಸ್ ಬಿಸ್ಕತ್ತು ಸೇರಿತು. ಹತ್ತೊಂಬತ್ತು ರೂಪಾಯಿ ತೊಂಬತ್ತು ಪೈಸೆ ಬಂತು. ಅದೂ ರೂಪಾಯಿಯಾಗಿ ಅಲ್ಲ, ಮುಂದಿನ ಬಿಲ್ಲಿನಲ್ಲಿ ಕಳೆಯುವ ಪಾಯಿಂಟಾಗಿ. ಸರಿ, ದೊಡ್ಡ ಬಿಲ್ಲು ಮಾಡೋಣ ಎಂದರೆ 250 ರೂಪಾಯಿಗೆ 25 ಮುಟ್ಟಿ ನಿಂತುಬಿಡುತ್ತದೆ. ಸಾವಿರಕ್ಕೆ ಕೊಂಡರೂ ಅದೇ 25, ಅಂದರೆ ಎರಡೂವರೆ ಪರ್ಸೆಂಟ್. ಕೆಳಗೊಂದು ಹೊಸಿಲು, ಮೇಲೊಂದು ಸೂರು. ಹತ್ತು ಪರ್ಸೆಂಟ್ ನಿಜವಾಗಿ ಸಿಗುವುದು 199ರಿಂದ 250ರ ನಡುವಿನ ಕಿರಿದಾದ ಓಣಿಯಲ್ಲಿ ಮಾತ್ರ.

ಕರೆಂಟ್ ಬಿಲ್ಲಿಗೆ ಕ್ಯಾಶ್‌ಬ್ಯಾಕ್ ಎಂದು ಒಂದು ಆ್ಯಪ್ ಈಗಲೂ ನನಗೆ ತಿಂಗಳಿಗೊಮ್ಮೆ ನೆನಪಿಸುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಸೆಸ್ಕ್‌ನವರು ನಮ್ಮ ಮನೆಗೆ ಕೊಡುತ್ತಿರುವುದು ಸೊನ್ನೆ ಬಿಲ್ಲು. ಸೊನ್ನೆಯ ಮೇಲೆ ಎಷ್ಟು ಪರ್ಸೆಂಟ್ ಹಾಕಿದರೂ ಭಾವಮೈದುನನ ಭಾಗಾಕಾರಕ್ಕೂ ಏನೂ ಹುಟ್ಟುವುದಿಲ್ಲ.

ಅವನು ಇನ್ನೂ ಕೈಬಿಟ್ಟಿಲ್ಲ. ಅವನ ಪರವಾಗಿ ಓದುಗರಲ್ಲಿ ಒಂದು ವಿನಂತಿ. ಮೈಸೂರಿನಲ್ಲಿ ಇನ್ನೂ ಯಾವ ಆ್ಯಪಿಗೂ ಸೇರದ, ಖಾತೆ ಇರುವ, ಕಾರ್ಡಿನ ಲಕೋಟೆ ಒಡೆದ, ಅಳಿಯಂದಿರಿಲ್ಲದ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಪ್ಲೇಸ್ಟೋರಿಗೆ ನೇರವಾಗಿ ಹೋಗಬೇಡಿ ಎಂದು ಅವರಿಗೆ ಹೇಳಿ. ಮೊದಲು ಲಿಂಕ್ ಒತ್ತಬೇಕು. ಬಾಳೆಹಣ್ಣು ನಾವೇ ತರುತ್ತೇವೆ.